ಮೊದಲ ಹಂತದ ವರ್ಧನೆಯೇ ನಿರ್ಣಾಯಕ

ಗ್ರಾಹಕದ ಪ್ರತಿ ಹಂತವೂ ಸಂಕೇತಕ್ಕೆ ತನ್ನದೇ ಗದ್ದಲ ಬೆರೆಸುತ್ತದೆ. ಸಂಕೇತ-ಗದ್ದಲ ಅನುಪಾತ ಎಷ್ಟು ಪಟ್ಟು ಕುಗ್ಗಿತೆಂಬುದೇ ಗದ್ದಲ ಗುಣಾಂಕ F. ಸರಣಿಯ ಒಟ್ಟು ಗುಣಾಂಕದ ಸೂತ್ರವನ್ನು 1944ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ ಪ್ರಕಟಿಸಿದರು:

F = F1 + (F2 − 1)/G1 + (F3 − 1)/(G1·G2) + …

ಮೊದಲ ಹಂತದ ಗದ್ದಲ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ನಂತರದ ಎಲ್ಲ ಹಂತಗಳ ಪಾಲನ್ನೂ ಮೊದಲ ಹಂತದ ವರ್ಧನೆ G1 ಭಾಗಿಸುತ್ತದೆ.

ಮೊದಲ ವರ್ಧಕದ F1 1.26, ಮುಂದಿನ ಹಂತದ F2 10 ಎಂದುಕೊಳ್ಳೋಣ. ವರ್ಧನೆ 100 ಪಟ್ಟಿದ್ದರೆ ಒಟ್ಟು 1.35, ಅಂದರೆ 1.3 ಡೆಸಿಬೆಲ್. ವರ್ಧನೆ ಬರೀ 2 ಪಟ್ಟಾದರೆ 5.76, ಅಂದರೆ 7.6 ಡೆಸಿಬೆಲ್.

ವರ್ಧಕಕ್ಕಿಂತ ಮೊದಲೇ ಕೇಬಲ್ 3 ಡೆಸಿಬೆಲ್ ನುಂಗಿದರೆ, ಒಟ್ಟು ಗದ್ದಲಾಂಕಕ್ಕೆ ಅಷ್ಟೂ ಸೇರುತ್ತದೆ. ಆದ್ದರಿಂದಲೇ ಟಿವಿ ಡಿಶ್‌ನ ಎಲ್‌ಎನ್‌ಬಿ ಕೇಬಲ್‌ನ ಕೊನೆಯಲ್ಲಲ್ಲ, ಡಿಶ್‌ನ ಮುಂದೆಯೇ ಇರುತ್ತದೆ. ಆದರೆ ವರ್ಧನೆ ಅತಿಯಾದರೆ ಪ್ರಬಲ ಸಂಕೇತಗಳು ಮುಂದಿನ ಹಂತವನ್ನು ಮಿತಿಮೀರಿ ತುಂಬಿ ವಿರೂಪ ತರುತ್ತವೆ.