ಉಳಿದ ಸರಕು ಮಾರಾಟ

ಕರ್ನಾಟಕದ ಸ್ಟೇಷನರಿ ಅಂಗಡಿಗಳಿಗೆ ಜೂನ್ ದೊಡ್ಡ ಸೀಸನ್. ಶಾಲೆ ಶುರುವಾಗುವ ಮೊದಲೇ ನೋಟ್‌ಬುಕ್, ಬ್ರೌನ್ ಪೇಪರ್, ಲೇಬಲ್, ಜಾಮೆಟ್ರಿ ಬಾಕ್ಸ್‌ಗಳನ್ನು ಅಂದಾಜಿನ ಮೇಲೆ ತರಿಸಿಡಬೇಕು. ಅಂದಾಜು ತಪ್ಪಿದರೆ ಆಗಸ್ಟ್ ಹೊತ್ತಿಗೂ ಬಂಡಲ್‌ಗಳು ಹಾಗೇ ಉಳಿದಿರುತ್ತವೆ. ಇಟ್ಟುಕೊಂಡು ಮುಂದಿನ ವರ್ಷ ಮಾರೋಣವೆಂದರೆ ಕಾಗದದ ಅಂಚು ಹಳದಿಯಾಗುತ್ತದೆ, ಸ್ಕೆಚ್ ಪೆನ್ ಒಣಗುತ್ತದೆ, ಗಮ್ ಗಟ್ಟಿಯಾಗುತ್ತದೆ, ರಬ್ಬರು ಪ್ಲಾಸ್ಟಿಕ್ ಡಬ್ಬಿಗೆ ಕಚ್ಚಿಕೊಳ್ಳುತ್ತದೆ. ಹಾಕಿದ ಬಂಡವಾಳವೂ ಅಲ್ಲೇ ಕೂತಿರುತ್ತದೆ. ಆಗ ಗಾಜಿನ ಮೇಲೆ ಕ್ಲಿಯರೆನ್ಸ್ ಸೇಲ್ ಬೋರ್ಡು ಬೀಳುತ್ತದೆ.

ಹೆಚ್ಚಿನ ಬೋರ್ಡುಗಳಲ್ಲಿ ಇರುವುದು ಒಂದೇ ಮಾತು: 'ಭಾರಿ ರಿಯಾಯಿತಿ, ಶೇ. 50ರವರೆಗೆ!' ಯಾವ ವಸ್ತುವಿಗೆ, ಯಾಕೆ, ಎಷ್ಟು ದಿನ ಎಂಬುದಿಲ್ಲ. ಕ್ಲಿಯರೆನ್ಸ್ ಬೋರ್ಡಿನಲ್ಲಿ ಶೇಕಡಾವಾರಿಗಿಂತ ಕೆಲಸ ಮಾಡುವುದು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಇಳಿದಿದೆ ಎಂದಾಗ ಗಿರಾಕಿಗೆ ಮೊದಲು ಬರುವುದು ಅನುಮಾನ. ಮಾಲು ಹಾಳಾಗಿದೆಯೋ, ಬೆಲೆ ಏರಿಸಿ ಇಳಿಸಿದ್ದಾರೋ ಎಂದು ಯೋಚಿಸುತ್ತಾರೆ. ಕಾರಣ ಬರೆದಿದ್ದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಒಂದು ಉದಾಹರಣೆ ನೋಡೋಣ. ಅಂಗಡಿಯಲ್ಲಿ 200 ಪುಟದ ಲಾಂಗ್ ಬುಕ್ ಬಹಳ ಉಳಿದಿದೆ, ಎಂಆರ್‌ಪಿ 60 ರೂಪಾಯಿ ಎಂದುಕೊಳ್ಳಿ. ಬೋರ್ಡು ಹೀಗಿರಬಹುದು:

ಉಳಿದ ಸರಕು ಮಾರಾಟ
ಶಾಲೆ ಸೀಸನ್ ಮುಗಿಯಿತು, ಪುಸ್ತಕ ಹೊಸದೇ
200 ಪುಟದ ಲಾಂಗ್ ಬುಕ್: ₹60 ಬದಲು ₹42, ಡಜನ್ ₹480
ಆಗಸ್ಟ್ 31ರವರೆಗೆ, ಸ್ಟಾಕ್ ಇರುವಷ್ಟು ಮಾತ್ರ

ಇಲ್ಲಿ ಶೇಕಡಾ ಚಿಹ್ನೆಯೇ ಇಲ್ಲ. ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ಉಳಿಯಿತೆಂದು ಯಾರಿಗಾದರೂ ಕಾಣುತ್ತದೆ. ಡಜನ್ ಬೆಲೆ ಮುಖ್ಯ. ಬಿಡಿಯಾಗಿ ಹನ್ನೆರಡು ಕೊಂಡರೆ 504 ರೂಪಾಯಿ, ಡಜನ್‌ಗೆ 480. ಇಬ್ಬರು ಮಕ್ಕಳಿರುವ ಮನೆಯವರು ಕಟ್ಟನ್ನೇ ಒಯ್ಯುತ್ತಾರೆ, ಅಂಗಡಿಯ ರ‍್ಯಾಕ್ ಬೇಗ ಖಾಲಿಯಾಗುತ್ತದೆ. ಶೇಕಡಾ ಬರೆಯಲೇಬೇಕಾದರೆ ಒಂದೇ ಸಂಖ್ಯೆ ಬರೆಯುವುದು ಒಳ್ಳೆಯದು. 'ಶೇ. 50 + ಶೇ. 20' ಎಂದು ಕಂಡಾಗ ಜನ ಎಪ್ಪತ್ತು ಎಂದು ಕೂಡಿಕೊಳ್ಳುತ್ತಾರೆ. ನೂರು ರೂಪಾಯಿಯ ವಸ್ತು ಮೊದಲು ಐವತ್ತಾಗಿ, ಆ ಐವತ್ತರಲ್ಲಿ ಶೇ. 20, ಅಂದರೆ ಹತ್ತು ರೂಪಾಯಿ ಇಳಿಯುತ್ತದೆ. ಒಟ್ಟು ರಿಯಾಯಿತಿ ಶೇ. 60 ಮಾತ್ರ.

ಇನ್ನು ಅಕ್ಷರದ ಮಾತು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ಸ್ಥೂಲ ಲೆಕ್ಕ. ಮೂವತ್ತು ಅಡಿ ಆಚೆಯ ಫುಟ್‌ಪಾತಿನಿಂದ ಓದಬೇಕಾದರೆ ಮೂರು ಇಂಚು ಬೇಕು. ಇದು ಇಂಗ್ಲಿಷಿನ ದೊಡ್ಡಕ್ಷರಗಳ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಮೂಲ ಅಕ್ಷರಕ್ಕೇ ಮೂರು ಇಂಚು ಕೊಟ್ಟು, ಒತ್ತಿಗೆ ಬೇರೆ ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ವಿನೈಲ್ ಸ್ಟಿಕ್ಕರ್ ಕತ್ತರಿಸಿ ಅಂಟಿಸುವಾಗ ಮೊದಲು ಕಿತ್ತುಬರುವುದೂ ಆ ಸಣ್ಣ ಒತ್ತುಗಳೇ. 'ಸ್ಟಾಕ್ ಕ್ಲಿಯರೆನ್ಸ್' ಎಂಬುದರಲ್ಲಿ ಮೂರು ಒತ್ತುಗಳಿವೆ. 'ಉಳಿದ ಸರಕು ಮಾರಾಟ' ಎಂಬುದರಲ್ಲಿ ಒಂದೂ ಇಲ್ಲ. ದೂರದಿಂದ ಕಾಣಬೇಕಾದ ತಲೆಬರಹಕ್ಕೆ ಎರಡನೆಯದೇ ಸರಿ. ಹಗಲು ಬಿಸಿಲಿನಲ್ಲಿ ಗಾಜು ಎದುರಿನ ಬೀದಿಯನ್ನೇ ತೋರಿಸುವುದರಿಂದ, ಪಾರದರ್ಶಕ ಗಾಜಿನ ಮೇಲೆ ನೇರವಾಗಿ ಕಪ್ಪಕ್ಷರ ಬರೆಯದೆ ಹಳದಿ ಅಥವಾ ಬಿಳಿ ಹಿನ್ನೆಲೆ ಕೊಡಬೇಕು.

ಕಾನೂನೂ ಇಲ್ಲಿ ಬರುತ್ತದೆ. ದಾರಿತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕಡಿಮೆ ಬೆಲೆ ಸಾರಿದವರ ಬಳಿ ಆ ಬೆಲೆಗೆ ಮಾರಲು ಸಾಕಷ್ಟು ಸರಕು ಇರಬೇಕು. ಸೀಮಿತವಾಗಿದ್ದರೆ ಹಾಗೆಂದು ಹೇಳಬೇಕು. ಷರತ್ತನ್ನು ಜಾಹೀರಾತಿನ ಭಾಷೆಯಲ್ಲೇ ಬರೆಯಬೇಕು. 'ಶೇ. 50' ಅಡಿಯಷ್ಟು ದೊಡ್ಡದು, 'ರವರೆಗೆ' ಇರುವೆಯಷ್ಟು ಚಿಕ್ಕದು ಎಂಬಂಥ ಬೋರ್ಡುಗಳು ಈ ಆಶಯಕ್ಕೇ ವಿರುದ್ಧ. 'ಒಮ್ಮೆ ಮಾರಿದ ವಸ್ತು ವಾಪಸ್ ಇಲ್ಲ' ಎಂದು ಬರೆದ ಮಾತ್ರಕ್ಕೂ ಅಂಗಡಿಯವರು ಪಾರಾಗುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ, ದೋಷವಿರುವ ವಸ್ತುವನ್ನು 30 ದಿನದೊಳಗೆ ತಂದಾಗ ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಕ್ಲಿಯರೆನ್ಸ್‌ನಲ್ಲಿ ಕೊಂಡ ಸ್ಕೆಚ್ ಪೆನ್ ಪ್ಯಾಕೆಟ್ಟಿನಲ್ಲಿ ನಾಲ್ಕು ಬಣ್ಣ ಮೂಡದಿದ್ದರೆ ಕೇಳಬಹುದು, ಕೇಳಬೇಕು.

ಹಾಗಾಗಿ ಅಗ್ಗದ ಬೆಲೆಗೆ ಕೊಳ್ಳುವಾಗಲೂ ಬಿಲ್ ಪಡೆಯಿರಿ, ಪೆನ್ನನ್ನು ಅಲ್ಲೇ ಗೀಚಿ ನೋಡಿ. ಬೋರ್ಡಿನ ಬೆಲೆಗೆ ಕೊಡಲು ಒಪ್ಪದಿದ್ದರೆ ಬೋರ್ಡಿನ ಫೋಟೋ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.