ಹನ್ನೊಂದರಿಂದ ಇಪ್ಪತ್ತರವರೆಗೆ: ಅಂಗಡಿಯವರ ಜಿಎಸ್‌ಟಿ ಲೆಕ್ಕ ಹಿಡಿಯುವವರು

ತಿಂಗಳ ಮೊದಲ ವಾರ ಬಂತೆಂದರೆ ಊರಿನ ಪೇಟೆಬೀದಿಯಲ್ಲಿ ಒಂದು ಓಡಾಟ ಶುರುವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯವರು ಕಳೆದ ತಿಂಗಳ ಬಿಲ್ಲುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಕವರಿಗೆ ಹಾಕುತ್ತಾರೆ. ಬಟ್ಟೆ ಅಂಗಡಿಯವರು ಬಿಲ್ಲಿನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಇವೆಲ್ಲ ಹೋಗಿ ಸೇರುವುದು ರಿಟರ್ನ್ ಹಾಕಿಕೊಡುವವರ ಕೈಗೆ. ಅವರು ನಿವೃತ್ತ ಬ್ಯಾಂಕ್ ನೌಕರರಿರಬಹುದು, ಬಿಕಾಂ ಓದಿ ಮನೆಯಲ್ಲಿರುವ ಗೃಹಿಣಿಯಿರಬಹುದು, ಸಂಜೆ ಹೊತ್ತು ಬಿಡುವಿರುವ ಅಕೌಂಟೆಂಟ್ ಇರಬಹುದು.

ಈ ಕೆಲಸವನ್ನು ಅರೆಕಾಲಿಕವಾಗಿ ಮಾಡಲು ಸಾಧ್ಯವಾಗುವುದು ಅದರ ದಿನಾಂಕಗಳಿಂದಾಗಿ. ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿ ಹಿಂದಿನ ತಿಂಗಳ ಮಾರಾಟದ ವಿವರವನ್ನು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1ರಲ್ಲಿ ತುಂಬಬೇಕು. ಆತನ ಖರೀದಿಗಳಿಗೆ ಎಷ್ಟು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇದೆ ಎಂದು ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿ 14ರಂದು ಪೋರ್ಟಲ್‌ನಲ್ಲಿ ತಾನಾಗಿಯೇ ಸಿದ್ಧವಾಗುತ್ತದೆ. 20ರೊಳಗೆ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಅಲ್ಲಿಗೆ ಆ ತಿಂಗಳ ಒತ್ತಡ ಮುಗಿಯಿತು. ಎಷ್ಟು ಅಂಗಡಿಗಳ ಕೆಲಸ ಒಪ್ಪಿಕೊಳ್ಳಬಹುದು ಎಂಬುದನ್ನು ಈ ಹತ್ತು ದಿನಗಳಲ್ಲಿ ಎಷ್ಟು ಹೊತ್ತು ಕೂರಲು ಸಾಧ್ಯ ಎಂಬುದರ ಮೇಲೆ ಅಳೆಯಬೇಕು, ಇಡೀ ತಿಂಗಳ ಲೆಕ್ಕದಲ್ಲಲ್ಲ.

ಫಾರಂ ತುಂಬುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ನಿಜವಾದ ಕೆಲಸವಿರುವುದು ಅಂಗಡಿಯ ಖರೀದಿ ಪುಸ್ತಕವನ್ನು 2ಬಿ ಜೊತೆ ಒಂದೊಂದೇ ಬಿಲ್ ಹಿಡಿದು ತಾಳೆ ನೋಡುವುದರಲ್ಲಿ. ವ್ಯಾಪಾರಿಯ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲಿಯೇ.

ಉದಾಹರಣೆಗೆ ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳೋಣ. ಒಂದು ತಿಂಗಳಲ್ಲಿ ಐದು ಲಕ್ಷ ರೂಪಾಯಿಯ ಮಾಲು ಮಾರಾಟವಾಗಿದೆ. ಎಲ್ಲವೂ ಶೇ 18ರ ದರದ್ದು, ಎಲ್ಲವೂ ಕರ್ನಾಟಕದೊಳಗೇ. ಗ್ರಾಹಕರಿಂದ ಪಡೆದ ತೆರಿಗೆ 90,000 ರೂಪಾಯಿ. ಅದೇ ತಿಂಗಳು ಅಂಗಡಿ 4,20,000 ರೂಪಾಯಿಯ ಮಾಲು ತರಿಸಿದ್ದು, ಅದಕ್ಕೆ ಕೊಟ್ಟ ತೆರಿಗೆ 75,600. ಪುಸ್ತಕದ ಪ್ರಕಾರ ಸರ್ಕಾರಕ್ಕೆ ಕಟ್ಟಬೇಕಾದ್ದು ಉಳಿದ 14,400 ಮಾತ್ರ.

14ನೇ ತಾರೀಖು 2ಬಿ ತೆರೆದರೆ ಅಲ್ಲಿ ಕಾಣುವ ಕ್ರೆಡಿಟ್ 64,800. ಬಿಲ್ಲುಗಳನ್ನು ಎದುರುಬದುರು ಇಟ್ಟು ನೋಡಿದಾಗ ಪೈಪ್ ಡೀಲರೊಬ್ಬರ 60,000 ರೂಪಾಯಿಯ ಬಿಲ್ ಪಟ್ಟಿಯಲ್ಲಿಲ್ಲ. ಅದರ ತೆರಿಗೆ 10,800. ಹೀಗಾಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಡೀಲರ್ ಇನ್ನೂ ತಮ್ಮ ಜಿಎಸ್‌ಟಿಆರ್-1 ಹಾಕಿಲ್ಲ. ಇನ್ನೊಂದು, ಬಿಲ್ ಬರೆಯುವಾಗ ಅಂಗಡಿಯ ಜಿಎಸ್‌ಟಿ ನಂಬರ್ ಹಾಕದೆ ಸಾಮಾನ್ಯ ಗಿರಾಕಿಗೆ ಮಾರಿದಂತೆ ತೋರಿಸಿದ್ದಾರೆ. ಯಾವುದೆಂದು ತಿಳಿಯಲು ಬಿಲ್ಲನ್ನೇ ಕೈಗೆತ್ತಿಕೊಳ್ಳಬೇಕು. ಖರೀದಿದಾರನ ಹೆಸರಿನ ಕೆಳಗೆ 29ರಿಂದ ಶುರುವಾಗುವ ಹದಿನೈದು ಅಕ್ಷರಗಳ ನಂಬರ್ ಇದೆಯೇ? 29 ಕರ್ನಾಟಕದ ಸಂಕೇತ. ಅದರ ನಂತರದ ಹತ್ತು ಅಕ್ಷರ ವ್ಯಾಪಾರಿಯ ಪ್ಯಾನ್. ಆ ಜಾಗ ಖಾಲಿಯಿದ್ದರೆ ತಪ್ಪು ಬಿಲ್ ಬರೆದಾಗಲೇ ಆಗಿದೆ. ನಂಬರ್ ಸರಿಯಿದ್ದರೆ ಡೀಲರಿಗೆ ಫೋನ್ ಮಾಡಿ ರಿಟರ್ನ್ ಹಾಕಿದ್ದೀರಾ ಎಂದು ಕೇಳಬೇಕು.

2ಬಿಯಲ್ಲಿ ಕಾಣದ ಕ್ರೆಡಿಟ್ ಪಡೆಯಲು ಕಾನೂನು 2022ರ ಜನವರಿಯಿಂದ ಒಪ್ಪುವುದಿಲ್ಲ. ಹಾಗಾಗಿ ಈ ತಿಂಗಳು ಅಂಗಡಿಯವರು 14,400ರ ಬದಲು 25,200 ರೂಪಾಯಿ ನಗದಾಗಿ ಕಟ್ಟಲೇಬೇಕು. ಡೀಲರ್ ಮುಂದೆ ಸರಿಪಡಿಸಿದಾಗ ಆ 10,800 ನಂತರದ 2ಬಿಯಲ್ಲಿ ಬರುತ್ತದೆ, ನಿಜ. ಆದರೆ ಅಷ್ಟು ದಿನ ಸಣ್ಣ ವ್ಯಾಪಾರಿಯ ಬಂಡವಾಳ ಸಿಕ್ಕಿಹಾಕಿಕೊಂಡಿರುತ್ತದೆ. ಅನುಭವವಿದ್ದವರು 14ರವರೆಗೆ ಕಾಯುವುದಿಲ್ಲ. 8, 9ನೇ ತಾರೀಖಿನ ಹೊತ್ತಿಗೇ ದೊಡ್ಡ ಮೊತ್ತದ ಬಿಲ್ ಕೊಟ್ಟ ಡೀಲರುಗಳಿಗೆ ಫೋನ್ ಮಾಡಿ, ‘ನಮ್ಮ ಬಿಲ್ ಸೇರಿಸಿದ್ದೀರಲ್ಲಾ ಸಾರ್?’ ಎಂದು ಕೇಳಿಬಿಡುತ್ತಾರೆ. ಆ ಒಂದು ಫೋನ್ ಕರೆಗೆ ವ್ಯಾಪಾರಿ ಕೊಡುವ ಫೀಸಿಗಿಂತ ಹೆಚ್ಚಿನ ಬೆಲೆಯಿದೆ.

ಇದರ ತಿರುವುಮುರುವು ಅಪಾಯವೂ ಇದೆ. 2ಬಿಯಲ್ಲಿ ಕಂಡದ್ದೆಲ್ಲ ಪಡೆಯತಕ್ಕದ್ದಲ್ಲ. ಅಂಗಡಿಯವರು ಮನೆಗೆ ಫ್ರಿಜ್ ತರುವಾಗ ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಆ ಬಿಲ್ಲೂ ಅಲ್ಲಿರುತ್ತದೆ. ಅದರ ಕ್ರೆಡಿಟ್ ತೆಗೆದುಕೊಂಡರೆ ಮುಂದೊಂದು ದಿನ ನೋಟಿಸ್ ಬರುತ್ತದೆ, ಬಡ್ಡಿಯೂ ಸೇರುತ್ತದೆ. ಪಟ್ಟಿಯ ಒಟ್ಟು ಮೊತ್ತವನ್ನು ಹಾಗೇ ಎತ್ತಿ 3ಬಿಗೆ ಹಾಕುವವರು ಎಡವುವುದು ಇಲ್ಲಿ. ಅಂಗಡಿಯ ವ್ಯವಹಾರ ಗೊತ್ತಿದ್ದವರಿಗೆ ಮಾತ್ರ ಆ ಸಾಲು ಕಣ್ಣಿಗೆ ಬೀಳುತ್ತದೆ.

ಮಾರಾಟದ ಕಡೆಯ ಎಚ್ಚರ 2025ರಿಂದ ಇನ್ನೂ ಮುಖ್ಯವಾಗಿದೆ. ಮೊದಲೆಲ್ಲ ಜಿಎಸ್‌ಟಿಆರ್-1ರಲ್ಲಿ ತಪ್ಪಾದರೆ 3ಬಿಯಲ್ಲಿ ಅಂಕಿ ತಿದ್ದಿ ಮುಂದೆ ಹೋಗುತ್ತಿದ್ದರು. 2025ರ ಜುಲೈ ತಿಂಗಳ ರಿಟರ್ನಿನಿಂದ 3ಬಿಗೆ ಬಂದ ಮಾರಾಟದ ಅಂಕಿಗಳನ್ನು ತಿದ್ದಲು ಬರುವುದಿಲ್ಲ. ತಪ್ಪಿದ್ದರೆ 3ಬಿ ಸಲ್ಲಿಸುವ ಮುನ್ನವೇ ಜಿಎಸ್‌ಟಿಆರ್-1ಎ ಎಂಬ ಫಾರಂನಲ್ಲಿ ಸರಿಪಡಿಸಬೇಕು. 22 ಸೆಪ್ಟೆಂಬರ್ 2025ರಂದು ಶೇ 12 ಮತ್ತು 28ರ ದರಗಳು ಹೋಗಿ ಬಹುತೇಕ ಮಾಲು 5 ಅಥವಾ 18ಕ್ಕೆ ಬಂದಿತು. ಹಾಗಾಗಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹಳೆಯ ದರ ಉಳಿದಿದೆಯೇ ಎಂದು ನೋಡುವುದೂ ಇವರ ಜವಾಬ್ದಾರಿಯೇ.

ತಡವಾದರೆ ಏನಾಗುತ್ತದೆ? ಮೇಲಿನ ಅಂಗಡಿಯ 3ಬಿ ಹತ್ತು ದಿನ ತಡವಾಯಿತೆನ್ನಿ. ದಿನಕ್ಕೆ 50 ರೂಪಾಯಿಯಂತೆ 500 ತಡ ಶುಲ್ಕ. 25,200ರ ಮೇಲೆ ವರ್ಷಕ್ಕೆ ಶೇ 18ರಂತೆ ಬಡ್ಡಿ ಸುಮಾರು 124 ರೂಪಾಯಿ. ಮೊತ್ತ ದೊಡ್ಡದಲ್ಲ ಎಂದು ಅಲಕ್ಷ್ಯ ಮಾಡುವವರಿದ್ದಾರೆ. ಆದರೆ ಹಿಂದಿನ ತಿಂಗಳ 3ಬಿ ಹಾಕದೆ ಮುಂದಿನ ಜಿಎಸ್‌ಟಿಆರ್-1 ಹಾಕಲು ಬರುವುದಿಲ್ಲ. ಸತತ ಎರಡು ತಿಂಗಳು ಬಾಕಿಯಾದರೆ ಇ-ವೇ ಬಿಲ್ ತೆಗೆಯುವುದೂ ನಿಂತುಹೋಗಬಹುದು. ಆಗ ಲಾರಿ ಮಾಲು ಹೊರಡುವುದೇ ಕಷ್ಟ.

ಐದು ಕೋಟಿವರೆಗೆ ವಹಿವಾಟಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆಯನ್ನೂ ತೆಗೆದುಕೊಳ್ಳಬಹುದು. ಗಿರಾಕಿಗಳು ಬಹುತೇಕ ಮನೆಮಂದಿಯೇ ಆಗಿದ್ದರೆ ಅದು ಹಗುರ. ಗುತ್ತಿಗೆದಾರರಿಗೆ, ಬೇರೆ ಅಂಗಡಿಗಳಿಗೆ ಮಾರುವವರಾದರೆ ಅವರೂ ಪ್ರತಿ ತಿಂಗಳು ತಮ್ಮ ಕ್ರೆಡಿಟ್‌ಗೆ ಕಾಯುತ್ತಿರುತ್ತಾರೆ. ಅಂಥವರಿಗೆ ಮಾಸಿಕ ಪದ್ಧತಿಯೇ ಒಳ್ಳೆಯದು.

ಕೆಲಸಕ್ಕೆ ಇಳಿಯುವವರಿಗೆ ಎಕ್ಸೆಲ್ ಅಥವಾ ಟ್ಯಾಲಿ ಚೆನ್ನಾಗಿ ಬರಬೇಕು. ಜಮಾ-ಖರ್ಚಿನ ಮೂಲಪಾಠ ಗೊತ್ತಿರಬೇಕು. ಗ್ರಾಹಕರ ಪರವಾಗಿ ಅಧಿಕೃತವಾಗಿ ಸಲ್ಲಿಸಬೇಕೆಂದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಪೋರ್ಟಲ್‌ನಲ್ಲಿ ಪಿಸಿಟಿ-01 ಫಾರಂ ಮೂಲಕ ನೋಂದಾಯಿಸಿಕೊಳ್ಳಬೇಕು. ವಾಣಿಜ್ಯ, ಕಾನೂನು, ವ್ಯವಹಾರ ಆಡಳಿತದಂಥ ವಿಷಯಗಳ ಪದವೀಧರರು ಇದಕ್ಕೆ ಅರ್ಹರು. ನಾಸಿನ್ ಸಂಸ್ಥೆ ನಡೆಸುವ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅನುಕೂಲಕ್ಕೆಂದು ವ್ಯಾಪಾರಿಯ ಜಿಎಸ್‌ಟಿ ಖಾತೆಗೆ ತಮ್ಮದೇ ಮೊಬೈಲ್ ನಂಬರ್, ಇಮೇಲ್ ಹಾಕಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಇದು ತಪ್ಪು. ಇಲಾಖೆಯ ನೋಟಿಸ್ ಬಂದ ಸುದ್ದಿ ಆಗ ವ್ಯಾಪಾರಿಗೆ ತಲುಪುವುದೇ ಇಲ್ಲ. ಒಟಿಪಿ ಅವರ ಫೋನಿಗೇ ಬರಲಿ, ಅಂಕಿಗಳನ್ನು ಅವರೇ ಓದಿ ಒಪ್ಪಿದ ಮೇಲೆ ರಿಟರ್ನ್ ಹೋಗಲಿ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟು ಆಧರಿಸಿ ನೋಟಿಸುಗಳು ಬಂದಾಗ, ತಮ್ಮ ಲೆಕ್ಕ ತಾವು ತಿಳಿದಿರುವುದು ಎಷ್ಟು ಅಗತ್ಯವೆಂದು ಪೇಟೆಗೆಲ್ಲ ಗೊತ್ತಾಯಿತು.

ಹೊಸ ಅಂಗಡಿಯ ಕೆಲಸ ಹಿಡಿದವರು ಮೊದಲಿಗೆ ಹಿಂದಿನ ತಿಂಗಳುಗಳ 2ಬಿಯನ್ನೂ ಖರೀದಿ ಬಿಲ್ಲುಗಳನ್ನೂ ತಾಳೆ ನೋಡಿ, ಬಿಟ್ಟುಹೋದ ಕ್ರೆಡಿಟ್ ಇದೆಯೇ ಎಂದು ಹುಡುಕಬೇಕು. ಒಂದು ಆರ್ಥಿಕ ವರ್ಷದ ಕ್ರೆಡಿಟ್ ಪಡೆಯಲು ಮುಂದಿನ ನವೆಂಬರ್ 30ರವರೆಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದ್ದರೆ ಅಲ್ಲಿಯವರೆಗೆ, ಅವಕಾಶವಿದೆ. ಆ ದಿನ ದಾಟಿದರೆ ಆ ದುಡ್ಡು ವ್ಯಾಪಾರಿಗೆ ಸಿಗುವುದಿಲ್ಲ.