ಫೋನಿನ ಪರದೆ ನಿಮ್ಮ ಪರಿಚಯವನ್ನು ಎಲ್ಲಿ ತುಂಡರಿಸುತ್ತದೆ?

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಬರೆಯುವ ಹೆಡ್‌ಲೈನ್‌ಗೆ 220 ಅಕ್ಷರಗಳ ಜಾಗವಿದೆ. ಅದರ ಕೆಳಗಿನ ‘ಅಬೌಟ್’ ಭಾಗಕ್ಕೆ 2,600. ಕಂಪ್ಯೂಟರಿನ ಮುಂದೆ ಕುಳಿತು ಇಷ್ಟನ್ನೂ ತುಂಬಿಸಿದವರಿಗೆ ತಾವು ಬರೆದದ್ದೆಲ್ಲ ಕಣ್ಣೆದುರೇ ಇರುತ್ತದೆ. ಕೆಲಸಕ್ಕೆ ಜನ ಹುಡುಕುವ ರಿಕ್ರೂಟರ್ ಬಸ್ಸಿನಲ್ಲೋ ಮೀಟಿಂಗ್ ನಡುವೆಯೋ ಫೋನ್ ತೆಗೆದಾಗ ಅದರಲ್ಲಿ ಬಹುಪಾಲು ಕಾಣುವುದೇ ಇಲ್ಲ. ಹುಡುಕಾಟದ ಪಟ್ಟಿಯಲ್ಲಿ ಹೆಸರು, ಚಿಕ್ಕ ಫೋಟೊ, ಹೆಡ್‌ಲೈನ್‌ನ ಮೊದಲ ತುಣುಕು, ಊರು ಕಾಣುತ್ತವೆ. ಪ್ರೊಫೈಲ್ ತೆರೆದರೂ ‘ಅಬೌಟ್’ನ ಕೆಲವೇ ಸಾಲು ಕಂಡು, ಉಳಿದದ್ದು ‘more’ ಎಂಬ ಪದದ ಹಿಂದೆ ಅಡಗುತ್ತದೆ. ಅದನ್ನು ಒತ್ತುವ ಕುತೂಹಲ ಮೂಡಿಸಬೇಕಾದದ್ದು ಕಾಣುವ ಆ ಕೆಲವು ಸಾಲುಗಳೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ಲೆಕ್ಕಪತ್ರ ನೋಡುವ ಯುವತಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾಳೆ. ಆಕೆಯ ಹೆಡ್‌ಲೈನ್ ಹೀಗಿದೆ: ‘ಪರಿಶ್ರಮಿ ಹಾಗೂ ಹೊಸದನ್ನು ಕಲಿಯುವ ಹಂಬಲವುಳ್ಳ ಕಾಮರ್ಸ್ ಪದವೀಧರೆ, ಸೀನಿಯರ್ ಅಕೌಂಟೆಂಟ್, ಟ್ಯಾಲಿ, ಜಿಎಸ್‌ಟಿ’. ಫೋನಿನ ಪಟ್ಟಿಯಲ್ಲಿ ಇದು ‘ಹಂಬಲವುಳ್ಳ’ ಎನ್ನುವಷ್ಟರಲ್ಲೇ ತುಂಡಾಗಬಹುದು. ರಿಕ್ರೂಟರ್ ಬೇಕೆಂದದ್ದು ಟ್ಯಾಲಿ ಬಲ್ಲ ಅಕೌಂಟೆಂಟ್; ಕಂಡದ್ದು ಯಾರೂ ಬರೆದುಕೊಳ್ಳಬಹುದಾದ ಗುಣವಿಶೇಷಣ. ಇಲ್ಲಿ ಹೊಸದಾಗಿ ಏನೂ ಬರೆಯಬೇಕಿಲ್ಲ, ಕ್ರಮ ಬದಲಿಸಿದರೆ ಸಾಕು: ‘ಸೀನಿಯರ್ ಅಕೌಂಟೆಂಟ್, ಟ್ಯಾಲಿ, ಜಿಎಸ್‌ಟಿ, 6 ವರ್ಷ’. ಈಗ ಎಲ್ಲಿ ಕತ್ತರಿ ಬಿದ್ದರೂ ಹುದ್ದೆ ಉಳಿಯುತ್ತದೆ.

‘ಅಬೌಟ್’ನಲ್ಲೂ ಇದೇ ತೊಂದರೆ, ಜೊತೆಗೆ ಇನ್ನೊಂದು. ಆಕೆ ‘ನಮಸ್ಕಾರ, ನನ್ನ ಪ್ರೊಫೈಲ್‌ಗೆ ಸ್ವಾಗತ’ ಎಂದು ಶುರುಮಾಡಿ, ಅಂದಕ್ಕೆಂದು ಒಂದು ಸಾಲು ಖಾಲಿ ಬಿಟ್ಟಿದ್ದಾಳೆ. ಖಾಲಿ ಸಾಲೂ ಜಾಗ ತಿನ್ನುತ್ತದೆ. ಸ್ವಾಗತ, ಖಾಲಿ ಜಾಗ, ಆಮೇಲೆ ಅರ್ಧ ವಾಕ್ಯ, ಅಷ್ಟರಲ್ಲೇ ‘more’. ಅದರ ಬದಲು ಹೀಗೆ ಶುರುವಾಗಲಿ: ‘ಕಾರ್ಖಾನೆಯ ಖರೀದಿ, ಮಾರಾಟದ ಲೆಕ್ಕ ಮತ್ತು ತಿಂಗಳ ಜಿಎಸ್‌ಟಿ ರಿಟರ್ನ್ ಆರು ವರ್ಷದಿಂದ ನನ್ನ ಹೊಣೆ. ಬೆಂಗಳೂರಿಗೆ ಬರಲು ಸಿದ್ಧ.’ ಎರಡನೇ ವಾಕ್ಯ ಚಿಕ್ಕದಾದರೂ ಮುಖ್ಯ. ಊರಿನ ಜಾಗದಲ್ಲಿ ಹುಬ್ಬಳ್ಳಿ ಕಂಡ ರಿಕ್ರೂಟರ್‌ಗೆ ಮೊದಲು ಬರುವ ಅನುಮಾನಕ್ಕೆ ಅದು ಅಲ್ಲೇ ಉತ್ತರ ಕೊಡುತ್ತದೆ.

ಇದನ್ನು ಪರೀಕ್ಷಿಸುವಾಗ ಬಹಳ ಜನ ತಮ್ಮ ಫೋನಿನಲ್ಲಿ ತಮ್ಮದೇ ಖಾತೆ ತೆರೆದು ನೋಡಿ ಸುಮ್ಮನಾಗುತ್ತಾರೆ. ಅದು ಸಾಲದು. ನಿಮ್ಮ ಪ್ರೊಫೈಲ್ ನಿಮಗೆ ಕಾಣುವಾಗ ತಿದ್ದುವ ಪೆನ್ಸಿಲ್ ಗುರುತು, ಎಷ್ಟು ಜನ ನೋಡಿದರೆಂಬ ಲೆಕ್ಕ, ಹೀಗೆ ನಿಮಗೆ ಮಾತ್ರ ಸೇರಿದ ಭಾಗಗಳು ನಡುವೆ ಬರುತ್ತವೆ. ಸ್ನೇಹಿತರ ಫೋನ್ ಕೇಳಿ ಪಡೆಯುವುದು ಮೇಲು. ಆದರೆ ಅವರು ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಸಂಪರ್ಕದಲ್ಲಿ ಇಲ್ಲದವರಾಗಿರಬೇಕು. ಫೋಟೊ ಯಾರಿಗೆ ಕಾಣಬೇಕೆಂಬ ಸೆಟ್ಟಿಂಗ್ ‘ಸಂಪರ್ಕದವರಿಗೆ ಮಾತ್ರ’ ಎಂದಿದ್ದರೆ ಗೆಳೆಯರಿಗೆ ನಿಮ್ಮ ಮುಖ ಕಾಣುತ್ತದೆ, ಅಪರಿಚಿತ ರಿಕ್ರೂಟರ್‌ಗೆ ಬೂದು ಬಣ್ಣದ ಆಕೃತಿಯಷ್ಟೇ. ಗೆಳೆಯರ ಫೋನಿನಲ್ಲೇ ನೋಡಿದವರಿಗೆ ಈ ದೋಷ ಎಂದೂ ಗೊತ್ತಾಗುವುದಿಲ್ಲ.

ಆ ಫೋನಿನಲ್ಲಿ ಮೊದಲು ಹುಡುಕಾಟದ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ, ಆಮೇಲೆ ಪ್ರೊಫೈಲ್ ತೆರೆಯಿರಿ. ಎರಡರಲ್ಲೂ ಹೆಡ್‌ಲೈನ್ ಒಂದೇ ಕಡೆ ತುಂಡಾಗುವುದಿಲ್ಲ. ಮೇಲಿನ ಬ್ಯಾನರ್ ಚಿತ್ರವನ್ನೂ ಗಮನಿಸಿ: ಕಂಪ್ಯೂಟರಿನಲ್ಲಿ ಅಂದವಾಗಿ ಕಂಡ ಬರಹದ ಎಡಭಾಗವನ್ನು ಫೋನಿನಲ್ಲಿ ನಿಮ್ಮ ದುಂಡು ಫೋಟೊ ಮುಚ್ಚಿರಬಹುದು. ಅಕ್ಷರದ ಗಾತ್ರ ದೊಡ್ಡದಾಗಿಟ್ಟುಕೊಂಡವರ ಫೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಒಂದು ಸಾಲಿಗೆ ಹಿಡಿಸುವ ಪದಗಳು ಕಡಿಮೆ, ಕತ್ತರಿ ಇನ್ನೂ ಬೇಗ ಬೀಳುತ್ತದೆ. ಅಲ್ಲೂ ಹುದ್ದೆ ಕಾಣುತ್ತದೆಂದರೆ ಉಳಿದ ಕಡೆ ಭಯವಿಲ್ಲ.

ಹೆಡ್‌ಲೈನ್ ಎದ್ದುಕಾಣಲೆಂದು ಕೆಲವರು ಬೇರೆ ಜಾಲತಾಣದಿಂದ ದಪ್ಪ, ಓರೆ ಇಂಗ್ಲಿಷ್ ಅಕ್ಷರಗಳನ್ನು ತಂದು ಅಂಟಿಸುತ್ತಾರೆ. ಇದು ನನಗೆ ಸರಿಕಾಣುವುದಿಲ್ಲ. ಅವು ನಿಜದಲ್ಲಿ ಗಣಿತದ ಬಳಕೆಗೆಂದು ಯುನಿಕೋಡ್‌ನಲ್ಲಿರುವ ಬೇರೆಯೇ ಚಿಹ್ನೆಗಳು. ಕೆಲವು ಹಳೆಯ ಫೋನುಗಳಲ್ಲಿ ಖಾಲಿ ಚೌಕಗಳಾಗಿ ಕಾಣಬಹುದು. ದೃಷ್ಟಿ ಇಲ್ಲದವರು ಬಳಸುವ ಓದುವ ತಂತ್ರಾಂಶ ಅವನ್ನು ಸರಿಯಾಗಿ ಓದದಿರಬಹುದು.

ಮೇಲಿನ ಸಾಲು ತಿದ್ದುವ ಭರದಲ್ಲಿ ಕೆಳಗಿನದನ್ನು ಅಳಿಸಲು ಹೋಗಬೇಡಿ. ಬ್ಯಾಂಕ್ ಲೆಕ್ಕ ತಾಳೆ, ಆಡಿಟ್, ಸಂಬಳದ ಪಟ್ಟಿ ಇಂಥ ಪದಗಳು ‘more’ ಹಿಂದೆ ಅಡಗಿದ್ದರೂ ಹುಡುಕಾಟಕ್ಕೆ ನೆರವಾಗುತ್ತವೆ. ಕಂಪ್ಯೂಟರಿನಲ್ಲಿ ಕುಳಿತು ಪೂರ್ತಿ ಓದುವ ರಿಕ್ರೂಟರ್‌ಗಳೂ ಇದ್ದಾರೆ. ಫೋನಿನಲ್ಲಿ ಆರಿಸಿಕೊಂಡ ಹೆಸರನ್ನು ಆಮೇಲೆ ವಿವರವಾಗಿ ನೋಡುವಾಗ ಅವರಿಗೆ ಬೇಕಾಗುವುದು ಅದೇ ಕೆಳಗಿನ ಭಾಗ.